ಆರು ಅಂಕಿಯ ಕೋಡ್ ಇದ್ದರೂ ಖಾತೆ ಕೈತಪ್ಪೋದು ಹೇಗೆ?

[ಪರದೆಯಲ್ಲಿ: ಲಾಗಿನ್ ಪುಟ. ಪಾಸ್‌ವರ್ಡ್ ಆದ ಮೇಲೆ ಆರು ಅಂಕಿ ಕೇಳುವ ಬಾಕ್ಸ್]

ನಮಸ್ಕಾರ. ಪಾಸ್‌ವರ್ಡ್ ಹಾಕಿದ ಮೇಲೂ ಇನ್ನೊಂದು ಕೋಡ್ ಕೇಳುತ್ತದಲ್ಲ, ಟೂ-ಫ್ಯಾಕ್ಟರ್ ಅಂತಾರೆ. ಅದು ಯಾವ ಕಳ್ಳನನ್ನು ತಡೆಯುತ್ತದೆ, ಯಾರ ಮುಂದೆ ಅದರ ಆಟ ನಡೆಯುವುದಿಲ್ಲ, ಇವತ್ತು ನೋಡೋಣ.

ಪಾಸ್‌ವರ್ಡ್ ಅಂದರೆ ನಿಮಗೆ ಗೊತ್ತಿರುವ ಒಂದು ಗುಟ್ಟು, ಅಷ್ಟೇ. ಯಾವುದೋ ಒಂದು ಸೈಟಿನಿಂದ ಅದು ಸೋರಿಹೋದರೆ, ಕಳ್ಳರು ಅದೇ ಇಮೇಲ್, ಅದೇ ಪಾಸ್‌ವರ್ಡನ್ನು ಬೇರೆ ಸೈಟುಗಳಲ್ಲೂ ಹಾಕಿ ನೋಡುತ್ತಾರೆ. ಈ ಕೆಲಸ ಮಾಡುವುದು ಪ್ರೋಗ್ರಾಂ, ಅದಕ್ಕೆ ಸುಸ್ತೂ ಇಲ್ಲ, ಬೇಜಾರೂ ಇಲ್ಲ. ಟೂ-ಫ್ಯಾಕ್ಟರ್ ಇದ್ದರೆ ಈ ದಾಳಿ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಗುಟ್ಟು ಗೊತ್ತಿದ್ದರೆ ಸಾಲದು, ನಿಮ್ಮ ಫೋನೂ ಬೇಕು.

[ಪರದೆಯಲ್ಲಿ: ಕ್ಯೂಆರ್ ಕೋಡ್, ಪಕ್ಕದಲ್ಲಿ ಆರು ಅಂಕಿ ತೋರಿಸುವ ಫೋನ್]

ಫೋನಿನಲ್ಲಿ ಈ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಕೆಲಸ ಮಾಡುವ ರೀತಿ ಸೊಗಸಾಗಿದೆ. ಶುರುವಿನಲ್ಲಿ ನೀವು ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡಿನೊಳಗೆ ಒಂದು ರಹಸ್ಯ ಕೀ ಇರುತ್ತದೆ. ಅದರ ಒಂದು ಪ್ರತಿ ಸರ್ವರಿನಲ್ಲಿ, ಇನ್ನೊಂದು ನಿಮ್ಮ ಫೋನಿನಲ್ಲಿ. ಆಮೇಲೆ ಇಬ್ಬರೂ ಆ ಕೀ ಮತ್ತು ಈಗಿನ ಸಮಯವನ್ನು ಸೇರಿಸಿ ಒಂದೇ ಲೆಕ್ಕ ಮಾಡುತ್ತಾರೆ. ಉತ್ತರದಿಂದ ಆರು ಅಂಕಿ ಬರುತ್ತದೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಅದು ಬದಲಾಗುತ್ತದೆ. ಇದಕ್ಕೆ ನೆಟ್‌ವರ್ಕ್ ಬೇಕಿಲ್ಲ, ಫೋನ್ ಏರೋಪ್ಲೇನ್ ಮೋಡಿನಲ್ಲಿದ್ದರೂ ಕೋಡ್ ಸಿಗುತ್ತದೆ. ಆದರೆ ಫೋನಿನ ಗಡಿಯಾರ ತಪ್ಪಿದ್ದರೆ, ಎಷ್ಟು ಸಲ ಹಾಕಿದರೂ 'ತಪ್ಪು ಕೋಡ್' ಅಂತಲೇ ಬರುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಲೆಕ್ಕದಲ್ಲಿ ಕೀ ಇದೆ, ಸಮಯ ಇದೆ. ಆದರೆ ನೀವು ಆ ಕೋಡನ್ನು ಯಾವ ಪುಟದಲ್ಲಿ ಟೈಪ್ ಮಾಡುತ್ತೀರಿ ಅನ್ನೋದು ಇಲ್ಲ. ಕಳ್ಳ ನುಗ್ಗುವುದೇ ಇಲ್ಲಿಂದ.

[ಪರದೆಯಲ್ಲಿ: ಎರಡು ವಿಳಾಸ, ಒಂದರ ಕೆಳಗೊಂದು]

```
mail.example
mai1.example
```

ವ್ಯತ್ಯಾಸ ಕಂಡಿತಾ? ಎರಡನೆಯದರಲ್ಲಿ ಎಲ್ ಅಕ್ಷರದ ಜಾಗದಲ್ಲಿ ಒಂದು ಅನ್ನೋ ಅಂಕಿ ಇದೆ. 'ನಿಮ್ಮ ಖಾತೆ ಬಂದ್ ಆಗಲಿದೆ' ಅಂತ ಮೇಲ್ ಬರುತ್ತದೆ. ಗಾಬರಿಯಲ್ಲಿ ಲಿಂಕ್ ಒತ್ತಿದಿರಿ ಅಂತಿಟ್ಟುಕೊಳ್ಳಿ. ತೆರೆಯುವ ಪುಟ ಥೇಟ್ ಅಸಲಿಯಂತೆಯೇ ಇರುತ್ತದೆ, ಯಾಕೆಂದರೆ ನಕಲಿ ಸರ್ವರ್ ಅಸಲಿ ಪುಟವನ್ನೇ ತಂದು ನಿಮಗೆ ತೋರಿಸುತ್ತಿದೆ. ನೀವು ಪಾಸ್‌ವರ್ಡ್ ಹಾಕುತ್ತೀರಿ, ನಕಲಿ ಸರ್ವರ್ ಅದನ್ನು ತಕ್ಷಣ ಅಸಲಿ ಸೈಟಿಗೆ ದಾಟಿಸುತ್ತದೆ. ಅಸಲಿ ಸೈಟ್ ಕೋಡ್ ಕೇಳುತ್ತದೆ, ನಕಲಿ ಪುಟ ನಿಮ್ಮನ್ನು ಕೇಳುತ್ತದೆ. ಕೋಡ್ ಇನ್ನೂ ಬಿಸಿಬಿಸಿ ಇರುವಾಗಲೇ ಆ ಕಡೆ ತಲುಪುತ್ತದೆ. ಲಾಗಿನ್ ಆಯಿತು.

ಈಗ ಅಸಲಿ ಸೈಟ್ ಒಂದು ಸೆಷನ್ ಕುಕಿ ಕೊಡುತ್ತದೆ. 'ಇವರು ಆಗಲೇ ಲಾಗಿನ್ ಆಗಿದ್ದಾರೆ, ಮತ್ತೆ ಕೇಳಬೇಡ' ಅನ್ನೋ ಚೀಟಿ ಅದು. ನಡುವೆ ಕೂತವನು ಅದನ್ನು ಇಟ್ಟುಕೊಳ್ಳುತ್ತಾನೆ. ಅವನಿಗೆ ಇನ್ನು ಪಾಸ್‌ವರ್ಡೂ ಬೇಡ, ಕೋಡೂ ಬೇಡ. ನಿಮಗೆ ನಿಮ್ಮ ಇನ್‌ಬಾಕ್ಸ್ ಕಾಣುತ್ತಿರುತ್ತದೆ, ಅನುಮಾನವೇ ಬರುವುದಿಲ್ಲ.

ಒಂದು ಸುಳಿವು ಮಾತ್ರ ಸಿಗಬಹುದು. ಪಾಸ್‌ವರ್ಡ್ ಮ್ಯಾನೇಜರ್ ದಿನಾ ತಾನೇ ತುಂಬುತ್ತಿದ್ದದ್ದು, ಇವತ್ತು ಸುಮ್ನೆ ಕೂತಿದೆ. ಅದು ನೋಡುವುದು ಪುಟದ ಅಂದವನ್ನಲ್ಲ, ವಿಳಾಸವನ್ನು. ಆಗ ಕೈಯಾರೆ ಟೈಪ್ ಮಾಡಲು ಹೋಗದೆ, ವಿಳಾಸವನ್ನು ಅಕ್ಷರ ಅಕ್ಷರ ಓದಿ.

ಎಸ್‌ಎಂಎಸ್ ಕೋಡಿಗೂ ಇದೇ ಗತಿ. ಅದರ ಜೊತೆ ಸಿಮ್ ಕಾಟ ಬೇರೆ: ಕಳ್ಳ ನಿಮ್ಮ ಹೆಸರಿನಲ್ಲಿ ಹೊಸ ಸಿಮ್ ಪಡೆದರೆ ಕೋಡ್ ಅವನಿಗೇ ಹೋಗುತ್ತದೆ. ಕಾರಣವಿಲ್ಲದೆ ಸಿಗ್ನಲ್ ಹೋಗಿ ವಾಪಸ್ ಬರದಿದ್ದರೆ, ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡಿ. 'ಒಪ್ಪಿಗೆ ಕೊಡಿ' ಅಂತ ಫೋನಿಗೆ ಬರುವ ನೋಟಿಫಿಕೇಶನ್ನಿನ ಸಮಸ್ಯೆ ಇನ್ನೊಂದು ತರಹ. 2022ರಲ್ಲಿ ಊಬರ್ ಕಂಪನಿಗೆ ನುಗ್ಗಿದವನು ಒಬ್ಬ ಗುತ್ತಿಗೆ ನೌಕರರ ಫೋನಿಗೆ ಅಂಥ ಕೋರಿಕೆಗಳನ್ನು ಮತ್ತೆ ಮತ್ತೆ ಬರುವಂತೆ ಮಾಡಿದ್ದ. ಕೊನೆಗೆ ಅವರು ಒಂದಕ್ಕೆ ಒಪ್ಪಿಗೆ ಒತ್ತಿಬಿಟ್ಟರು.

[ಪರದೆಯಲ್ಲಿ: ಯುಎಸ್‌ಬಿ ಸೆಕ್ಯುರಿಟಿ ಕೀ]

ನಡುವೆ ಕೂತವನಿಗೆ ನಿಜವಾಗಿ ಅಡ್ಡ ನಿಲ್ಲುವುದು, ಪಾಸ್‌ವರ್ಡಿನ ಬದಲು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇಟ್ಟುಕೊಳ್ಳುವ ಪಾಸ್‌ಕೀ ಮತ್ತು ಇಂಥ ಸೆಕ್ಯುರಿಟಿ ಕೀ. ಇವು ಅಂಕಿ ಕೊಡುವುದಿಲ್ಲ, ಸೈಟ್ ಕಳಿಸಿದ ಸವಾಲಿಗೆ ಸಹಿ ಹಾಕುತ್ತವೆ. ಸೈಟಿನ ವಿಳಾಸವೂ ಆ ಸಹಿಯಲ್ಲಿ ಸೇರಿರುತ್ತದೆ. ವಿಳಾಸ ತಿಳಿಸುವುದು ಬ್ರೌಸರ್, ನಮ್ಮ ಕಣ್ಣಲ್ಲ. ಒಂದು ಅಂಕಿ ಆಚೀಚೆ ಆದರೂ ಆ ಸೈಟಿಗೆ ಹೊಂದುವ ಕೀ ಸಿಗುವುದಿಲ್ಲ.

ಆದರೂ ಎರಡು ಕಿಂಡಿ ಉಳಿಯುತ್ತವೆ. ನಿಮ್ಮ ಕಂಪ್ಯೂಟರಿಗೇ ಮಾಲ್‌ವೇರ್ ಹೊಕ್ಕರೆ, ಲಾಗಿನ್ ಆದ ಮೇಲಿನ ಕುಕಿಯನ್ನು ಅಲ್ಲಿಂದಲೇ ಕದಿಯಬಹುದು. ಇನ್ನೊಂದು, 'ಕೀ ಕಳೆದುಹೋಗಿದೆಯಾ? ಎಸ್‌ಎಂಎಸ್ ಮೂಲಕ ಒಳಗೆ ಬನ್ನಿ' ಅನ್ನುವ ಹಿಂಬಾಗಿಲು. ಅದು ತೆರೆದಿದ್ದರೆ ಕಳ್ಳ ಸೆಕ್ಯುರಿಟಿ ಕೀ ತಂಟೆಗೇ ಹೋಗುವುದಿಲ್ಲ. ಹಾಗಾಗಿ ಎರಡನೇ ಕೀ ಒಂದನ್ನು ನೋಂದಾಯಿಸಿ, ಕೀ ಕಳೆದಾಗ ಬಳಸಲು ಸೈಟ್ ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದಿಟ್ಟು, ಆಮೇಲೆ ಸೆಟ್ಟಿಂಗ್ಸಿನಲ್ಲಿ ಎಸ್‌ಎಂಎಸ್ ದಾರಿ ಮುಚ್ಚಿ. ಈ ಕ್ರಮ ಉಲ್ಟಾ ಮಾಡಬೇಡಿ, ಖಾತೆಯಿಂದ ಹೊರಗೆ ಉಳಿಯುವವರು ನೀವೇ ಆಗುತ್ತೀರಿ.