ಪೂಜೆಯೂಟದ ಅನ್ನ ಮತ್ತು ಎರಡು ಗಂಟೆಯ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಬದಿಯಡ್ಕದ ಕಡೆಯ ಒಂದು ಮನೆಯಲ್ಲಿ ಪೂಜೆ ಅಂತ ಇಟ್ಟುಕೊಳ್ಳಿ. ಏಪ್ರಿಲ್ ತಿಂಗಳ ಸೆಕೆ. ಹನ್ನೆರಡು ಗಂಟೆಗೆ ಅನ್ನ ಬಸಿದು ದೊಡ್ಡ ಹೆಡಿಗೆಗೆ ಸುರಿದಾಯಿತು, ಮೇಲೆ ಬಾಳೆಲೆ ಮುಚ್ಚಿದರು. ಊಟ ಮುಗಿದರೂ ಅರ್ಧ ಹೆಡಿಗೆ ಅನ್ನ ಉಳಿಯಿತು. ಅದು ಅಲ್ಲೇ ಇತ್ತು. ರಾತ್ರಿ ಒಂಬತ್ತಕ್ಕೆ ಮನೆಯವರು ಬಿಸಿ ಮಾಡಿ ಉಂಡರು. ಹಳಸಿದ ವಾಸನೆ ಇಲ್ಲ, ಅಂಟೂ ಇಲ್ಲ. ಆದರೂ ಹನ್ನೊಂದರ ಹೊತ್ತಿಗೆ ಇಬ್ಬರಿಗೆ ವಾಂತಿ ಶುರುವಾಯಿತು. ಹೀಗಾಗುವುದು ಹೇಗೆ?

ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಒಂದು ಬ್ಯಾಕ್ಟೀರಿಯಾದ ಹೆಸರು ಬ್ಯಾಸಿಲಸ್ ಸೀರಿಯಸ್. ಗದ್ದೆಯ ಮಣ್ಣಿನಿಂದಲೇ ಅದು ಕಾಳಿಗೆ ಅಂಟಿಕೊಂಡು ಬರುತ್ತದೆ. ಕಷ್ಟಕಾಲಕ್ಕೆ ಅದು ಗಟ್ಟಿ ಚಿಪ್ಪಿನ ಸೂಕ್ಷ್ಮ ಬೀಜದ ರೂಪದಲ್ಲಿ ಇರುತ್ತದೆ. ಅನ್ನ ಕುದಿಯುವಾಗ ಉಳಿದ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಸಾಯುತ್ತವೆ, ಈ ಬೀಜಗಳು ಮಾತ್ರ ಬದುಕಿಕೊಳ್ಳುತ್ತವೆ. ಕುದಿಯ ಬಿಸಿಯೇ ಅವುಗಳನ್ನು ಎಬ್ಬಿಸುತ್ತದೆ ಕೂಡ. ಅನ್ನ ಆರುತ್ತಾ ಬಂದ ಹಾಗೆ ಮೊಳೆತು ಹೆಚ್ಚತೊಡಗುತ್ತವೆ. ಇವಕ್ಕೆ ಬಹಳ ಹಿತವಾದ ಶಾಖ 30ರಿಂದ 40 ಡಿಗ್ರಿ ಸೆಲ್ಸಿಯಸ್. ನಮ್ಮ ಕಾಸರಗೋಡಿನ ಬೇಸಗೆ ಮಧ್ಯಾಹ್ನ ಅಡಿಗೆಮನೆಯಲ್ಲಿ ಇರುವುದೂ ಅಷ್ಟೇ ಅಲ್ವಾ!

ಹೆಡಿಗೆಯೊಳಗೆ ಕೈ ಹಾಕಿ ನೋಡಿದವರಿಗೆ ಗೊತ್ತು, ಮೇಲಿನ ಅನ್ನ ತಣ್ಣಗಾಗಿದ್ದರೂ ನಡುವಿನದು ಸಂಜೆಯ ತನಕ ಬೆಚ್ಚಗೇ ಇರುತ್ತದೆ. ಅಪಾಯ ಇರುವುದು ಆ ಬೆಚ್ಚನೆಯ ನಡುವಿನಲ್ಲೇ.

ಈಗ ಲೆಕ್ಕ ಹಾಕೋಣ. ಒಂದು ಗ್ರಾಂ ಅನ್ನದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಮೊಳೆತದ್ದು 100 ಇರಲಿ. ಅರ್ಧ ಗಂಟೆಗೊಮ್ಮೆ ಅವು ಇಮ್ಮಡಿಯಾಗಲಿ. ಮೂರು ಗಂಟೆಗೆ 1,600. ಇದು ಇನ್ನೂ ಸಣ್ಣ ಸಂಖ್ಯೆ. ಆರು ಗಂಟೆಗೆ ಒಂದು ಲಕ್ಷ ದಾಟುತ್ತದೆ. ರಾತ್ರಿ ಒಂಬತ್ತಕ್ಕೆ 65 ಲಕ್ಷ! ಗ್ರಾಂಗೆ ಲಕ್ಷ ದಾಟಿದರೆ ಕಾಯಿಲೆ ಬರಿಸುವ ಮಟ್ಟ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಮೊದಲ ಎರಡು ಗಂಟೆಯಲ್ಲಿ ಸೇರಿದ್ದು ಬರೀ 1,500, ಕೊನೆಯ ಎರಡು ಗಂಟೆಯಲ್ಲಿ ಸುಮಾರು 61 ಲಕ್ಷ. ಇಮ್ಮಡಿಯಾಗುವುದರ ಗುಣವೇ ಹಾಗೆ, ಶುರುವಿನಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ ಎಂಬ ಮಾತು ನಿಂತಿರುವುದು ಇದರ ಮೇಲೆ. ಸೂಕ್ಷ್ಮಜೀವಿಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮೊದಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಚುರುಕಿನವು ಇದ್ದರೂ ಎರಡು ಗಂಟೆಯಲ್ಲಿ 64 ಪಟ್ಟಿಗಿಂತ ಜಾಸ್ತಿ ಆಗುವುದಿಲ್ಲ. ಹಾಗಾಗಿ ಎರಡು ಗಂಟೆ ಆದ ಕೂಡಲೇ ಊಟ ವಿಷವಾಗುತ್ತದೆ ಅಂತಲ್ಲ. ಸಂಖ್ಯೆ ಕೈಮೀರುವುದಕ್ಕೆ ಸಾಕಷ್ಟು ಮುಂಚೆಯೇ ಎಳೆದ ಗೆರೆ ಅದು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ಐದು ಸೂತ್ರಗಳಲ್ಲೂ ಇದೇ ಇದೆ: ಬೇಯಿಸಿದ ಆಹಾರ ಕೋಣೆಯ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿಸಿ ಇಡುವುದಾದರೆ 60 ಡಿಗ್ರಿಯ ಮೇಲೆ, ತಣ್ಣಗಿಡುವುದಾದರೆ 5ರ ಕೆಳಗೆ. ಅಮೆರಿಕದ ಕೃಷಿ ಇಲಾಖೆ ಇನ್ನೊಂದು ಮಾತು ಸೇರಿಸುತ್ತದೆ. ಹೊರಗಿನ ಶಾಖ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ನಮ್ಮ ಏಪ್ರಿಲ್, ಮೇ ತಿಂಗಳಿಗೆ ಈ ಲೆಕ್ಕವೇ ಸರಿ ಎಂದು ನನ್ನ ಅಭಿಪ್ರಾಯ.

ಮತ್ತೆ ಬಿಸಿ ಮಾಡಿದರೆ ಸಾಕಲ್ಲ ಅಂತ ಕೇಳುತ್ತೀರಿ. ಈ ಅನ್ನಕ್ಕೆ ಸಾಕಾಗುವುದಿಲ್ಲ. ಬೆಳೆಯುವಾಗ ಈ ಬ್ಯಾಕ್ಟೀರಿಯಾ ಬಿಡುವ ವಾಂತಿ ಬರಿಸುವ ನಂಜು 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಹೋಗುವುದಿಲ್ಲ. ಅಡಿಗೆಮನೆಯ ಒಲೆ ಅದಕ್ಕೆ ಏನೂ ಅಲ್ಲ. ರುಚಿ, ವಾಸನೆಯಲ್ಲೂ ಗೊತ್ತಾಗುವುದಿಲ್ಲ. ಉಂಡು ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಬರುತ್ತದೆ, ಸಾಮಾನ್ಯವಾಗಿ ಒಂದು ದಿನದಲ್ಲಿ ನಿಲ್ಲುತ್ತದೆ. 1970ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರಲ್ಲಿ ಇದೇ ಕಂಡುಬಂತು. ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಂಟುಗಟ್ಟುತ್ತದೆ, ಹುರಿಯಲು ಆಗುವುದಿಲ್ಲ ಅಂತ ಬೇಯಿಸಿದ ಅನ್ನವನ್ನು ರಾತ್ರಿಯಿಡೀ ಹೊರಗೇ ಬಿಡುತ್ತಿದ್ದರು. ಬೆಳಗ್ಗೆ ಹುರಿದರೂ ನಂಜು ಉಳಿಯಿತು.

ತಂಗಳನ್ನ ಉಂಡೇ ಹಿರಿಯರು ಗಟ್ಟಿಮುಟ್ಟಾಗಿದ್ದರಲ್ಲ ಎಂಬ ಮಾತೂ ಬರುತ್ತದೆ. ನೀರು ಹಾಕಿಟ್ಟ ಅನ್ನ ಹುಳಿಯಾಗುತ್ತದೆ, ಹುಳಿ ಏರಿದಂತೆ ಈ ಬ್ಯಾಕ್ಟೀರಿಯಾಕ್ಕೆ ಬೆಳೆಯುವುದು ಕಷ್ಟ. ಆದರೆ ಹುಳಿ ಏರಲು ಗಂಟೆಗಟ್ಟಲೆ ಬೇಕು. ನೀರಿಲ್ಲದೆ ಮುಚ್ಚಿಟ್ಟ ಹೆಡಿಗೆಯ ಅನ್ನಕ್ಕೆ ಆ ರಕ್ಷಣೆಯೂ ಇಲ್ಲ.

ಹಾಗಾದರೆ ಪೂಜೆ ಮನೆಯಲ್ಲಿ ಏನು ಮಾಡಬೇಕಿತ್ತು? ಕೊನೆಯ ಪಂಕ್ತಿ ಏಳುವಾಗಲೇ ಉಳಿದ ಅನ್ನವನ್ನು ಅಗಲ ತಟ್ಟೆಗಳಿಗೆ ಎರಡು ಬೆರಳು ದಪ್ಪಕ್ಕೆ ಹರಡಿ, ಹಬೆ ಹೋದ ಮೇಲೆ ಸಣ್ಣ ಡಬ್ಬಿಗಳಲ್ಲಿ ಫ್ರಿಜ್ಜಿಗೆ ಇಡಬೇಕಿತ್ತು. ಪೂರ್ತಿ ತಣ್ಣಗಾಗಲಿ ಅಂತ ಕಾಯಬೇಕಿಲ್ಲ. ಗಂಟೆಗಳನ್ನು ಒಟ್ಟು ಸೇರಿಸಿಯೇ ಎಣಿಸಬೇಕು, ಬಡಿಸುವಾಗ ಹೊರಗಿದ್ದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಫ್ರಿಜ್ಜಿನಲ್ಲಿ ಜಾಗ ಇಲ್ಲದಿದ್ದರೆ ಎರಡು ಗಂಟೆ, ಇಂಥ ಸೆಕೆಯಲ್ಲಾದರೆ ಒಂದು ಗಂಟೆ, ಆಗುವ ಮುಂಚೆಯೇ ನೆರೆಮನೆಗೆ ಕೊಡಿ, ಆಗಲೇ ಉಣ್ಣಲು ಹೇಳಿ. ಸಂಜೆಯ ತನಕ ಹೆಡಿಗೆಯಲ್ಲೇ ಉಳಿದುಹೋದದ್ದನ್ನು ಮಾತ್ರ ಯಾರಿಗೂ ಕೊಡಬೇಡಿ.

ನಮಸ್ಕಾರ.