ಫೋನ್ ಮೂಲೇಲಿ ಹಸಿರು ಚುಕ್ಕಿ ಬಂತಾ? ಯಾವ ಆ್ಯಪ್ ಕೇಳಿಸ್ಕೊಳ್ತಿತ್ತು ಅಂತ ಹಿಡಿಯೋದು ಹೀಗೆ

(ಕ್ಯಾಮೆರಾ ಎದುರು, ಕೈಯಲ್ಲಿ ಫೋನ್)

ನಮಸ್ಕಾರ ಎಲ್ರಿಗೂ. ಹೋದ ವಾರ ರಾತ್ರಿ ಹತ್ತು ಗಂಟೆ ಹತ್ರ ನಮ್ಮ ದೊಡ್ಡಮ್ಮ ಫೋನ್ ಮಾಡಿ, ಹಲೋನೂ ಇಲ್ಲ ಏನೂ ಇಲ್ಲ, "ಲೋ, ನನ್ನ ಫೋನಲ್ಲಿ ಯಾರೋ ಕೂತ್ಕೊಂಡು ಕೇಳಿಸ್ಕೊಳ್ತಿದಾರೆ ಕಣೋ" ಅಂದ್ರು. ಏನಾಯ್ತು ದೊಡ್ಡಮ್ಮ ಅಂದ್ರೆ, ಅವ್ರು ಯೂಟ್ಯೂಬಲ್ಲಿ ಬಿಸಿಬೇಳೆಬಾತ್ ಪುಡಿ ಮಾಡೋ ವಿಡಿಯೋ ನೋಡ್ತಿದ್ರಂತೆ, ಬಲಗಡೆ ಮೇಲೆ ಮೂಲೇಲಿ ಒಂದು ಹಸಿರು ಚುಕ್ಕಿ, ಹೋಗ್ತಾನೇ ಇಲ್ಲ. ಯೂಟ್ಯೂಬ್ ನೋಡೋಕೆ ಮೈಕ್ ಯಾಕೆ ಬೇಕು? ಪಾಯಿಂಟ್ ಕರೆಕ್ಟಾಗೇ ಇದೆ ಅಲ್ವಾ. ಮಾರನೇ ದಿನ ಬೆಳಗ್ಗೆ ಅವ್ರ ಮನೆಗೆ ಹೋಗಿ ಫೋನ್ ಇಸ್ಕೊಂಡು ನೋಡ್ದೆ, ಅದನ್ನೇ ಇವತ್ತು ತೋರಿಸ್ತೀನಿ.

ಮೊದ್ಲು ಚುಕ್ಕಿ ಅಂದ್ರೆ ಏನು ಅಂತ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಯಾವ್ದೇ ಆ್ಯಪ್ ಕ್ಯಾಮೆರಾನೋ ಮೈಕೋ ತೆಗೆದ್ರೆ ಮೂಲೇಲಿ ಒಂದು ಐಕಾನ್ ಬರುತ್ತೆ, ಒಂದೆರಡು ಸೆಕೆಂಡಲ್ಲಿ ಅದು ಕುಗ್ಗಿ ಚುಕ್ಕಿ ಆಗುತ್ತೆ. ಆ್ಯಪ್ ಮೈಕ್ ಬಿಡೋವರೆಗೂ ಚುಕ್ಕಿ ಅಲ್ಲೇ ಇರುತ್ತೆ. ಈ ಚುಕ್ಕಿ ಹಾಕೋದು ಆ್ಯಪ್ ಅಲ್ಲ, ಆಂಡ್ರಾಯ್ಡೇ, ಹಂಗಾಗಿ ಮಾಮೂಲಿ ಆ್ಯಪ್‌ಗೆ ಇದನ್ನ ಮುಚ್ಚಿಡೋಕೆ ಆಗಲ್ಲ. ನಿಮ್ದು ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹಳೇದಾದ್ರೆ ಚುಕ್ಕಿನೇ ಬರಲ್ಲ, ಬಂದಿಲ್ಲ ಅಂತ ನೆಮ್ಮದಿಯಾಗಿ ಇರ್ಬೇಡಿ ಮತ್ತೆ.

ಇಲ್ಲಿ ಒಂದು ವಿಷ್ಯ. ಆಂಡ್ರಾಯ್ಡಲ್ಲಿ ಕ್ಯಾಮೆರಾಗೂ ಹಸಿರೇ, ಮೈಕಿಗೂ ಹಸಿರೇ. ಬಣ್ಣ ನೋಡಿ ಯಾವ್ದು ಅಂತ ಹೇಳೋಕಾಗಲ್ಲ. ಐಫೋನಲ್ಲಿ ಹಂಗಲ್ಲ, ಅಲ್ಲಿ ಬರೀ ಮೈಕಾದ್ರೆ ಕಿತ್ತಳೆ, ಕ್ಯಾಮೆರಾ ಇದ್ರೆ ಹಸಿರು.

(ಸ್ಕ್ರೀನ್ ರೆಕಾರ್ಡಿಂಗ್: ಮೇಲಿಂದ ಕೆಳಗೆ ಎಳೆಯೋದು)

ಚುಕ್ಕಿ ಇನ್ನೂ ಇದ್ದಾಗ್ಲೇ ನೋಡಿದ್ರೆ ಕೆಲ್ಸ ಸುಲಭ. ಮೇಲಿಂದ ಕೆಳಗೆ ಎಳೀರಿ, ಚುಕ್ಕಿ ಮತ್ತೆ ಐಕಾನ್ ಆಗುತ್ತೆ, ಮೈಕಾ ಕ್ಯಾಮೆರಾನಾ ಅಂತ ಅಲ್ಲೇ ಗೊತ್ತಾಗುತ್ತೆ, ಅದರ ಮೇಲೆ ಒತ್ತಿ, ಆ್ಯಪ್ ಹೆಸರು ಬರುತ್ತೆ. ಅಷ್ಟೇ. ಆದ್ರೆ ನಮ್ಮ ದೊಡ್ಡಮ್ಮ ಹೆದರ್ಕೊಂಡು ಫೋನ್ ಸ್ವಿಚ್ ಆಫ್ ಮಾಡಿ, ಕಬೋರ್ಡಲ್ಲಿ ಸೀರೆ ಕೆಳಗೆ ಇಟ್ಬಿಟ್ಟಿದ್ರು. ಅಲ್ಲಿಗೆ ಚುಕ್ಕಿ ಮುಗೀತು. ಚುಕ್ಕಿ ಈ ಕ್ಷಣದ್ದು ಮಾತ್ರ ಹೇಳುತ್ತೆ, ಆಗ್ಹೋಗಿದ್ದು ಬೇಕಂದ್ರೆ ಬೇರೆ ಕಡೆ ಹೋಗ್ಬೇಕು.

(ಸ್ಕ್ರೀನ್ ರೆಕಾರ್ಡಿಂಗ್: ಸೆಟ್ಟಿಂಗ್ಸ್)

ಸೆಟ್ಟಿಂಗ್ಸ್ ತೆಗೀರಿ, ಮೇಲೆ ಸರ್ಚ್ ಇದ್ಯಲ್ಲ ಅಲ್ಲಿ Privacy dashboard ಅಂತ ಟೈಪ್ ಮಾಡಿ. ಒಂದೊಂದು ಕಂಪನಿ ಫೋನಲ್ಲಿ ಒಂದೊಂದು ಮೆನು ಒಳಗೆ ಇಟ್ಟಿರ್ತಾರೆ, ಹುಡುಕ್ತಾ ಕೂತ್ಕೋಬೇಡಿ, ಸರ್ಚೇ ವಾಸಿ. ಸ್ಯಾಮ್‌ಸಂಗಲ್ಲಿ ಆ ಹೆಸರು ಸಿಗ್ಲಿಲ್ಲ ಅಂದ್ರೆ Permissions used in last 24 hours ಅಂತ ಇರೋದನ್ನ ನೋಡಿ, ಅದೂ ಇದೇ. ಒಳಗೆ Microphone ಒತ್ತಿದ್ರೆ ಕಳೆದ 24 ಗಂಟೇಲಿ ಯಾವ ಯಾವ ಆ್ಯಪ್ ಯಾವಾಗ ಮೈಕ್ ತೆಗೀತು ಅಂತ ಟೈಮ್ ಸಮೇತ ಸಾಲಾಗಿ ಬರುತ್ತೆ. ಆಂಡ್ರಾಯ್ಡ್ 13 ಮತ್ತು ಮೇಲಿನ ಫೋನ್‌ಗಳಲ್ಲಿ ಮೂಲೆಯ ಮೂರು ಚುಕ್ಕಿ ಮೆನುನಲ್ಲಿ ಏಳು ದಿನದ್ದು ನೋಡೋ ಆಪ್ಶನ್ನೂ ಇದೆ. ಅದೇ ಮೆನುನಲ್ಲಿ Show system ಅಂತಾನೂ ಇರುತ್ತೆ, ಅದನ್ನ ಒತ್ತೋವರೆಗೂ ಸಿಸ್ಟಮ್ ಆ್ಯಪ್‌ಗಳು ಪಟ್ಟೀಲಿ ಕಾಣಲ್ಲ.

ಸರಿ, ದೊಡ್ಡಮ್ಮನ ಫೋನಲ್ಲಿ ಏನಿತ್ತು? ಕ್ಯಾಮೆರಾದಲ್ಲಿ ಬೆಳಗ್ಗೆ ಮಗಳ ಜೊತೆ ವಿಡಿಯೋ ಕಾಲ್ ಮಾಡಿದ್ದು ಬಿಟ್ರೆ ಏನೂ ಇಲ್ಲ. ಮೈಕಲ್ಲಿ ರಾತ್ರಿ ಒಂಬತ್ತಕ್ಕೆ ಸ್ವಲ್ಪ ಮುಂಚೆ ಶುರುವಾಗಿ 47 ನಿಮಿಷ, ಒಂದು ಲೂಡೋ ಗೇಮ್! ಯೂಟ್ಯೂಬಿನ ಹೆಸರೇ ಇಲ್ಲ. "ಲೂಡೋ ಆಡಿದ್ರಾ?" ಅಂದ್ರೆ, "ಹತ್ತು ನಿಮಿಷ ಆಡ್ದೆ ಕಣೋ, ಆಮೇಲೆ ಹೊರಗೆ ಬಂದ್ಬಿಟ್ಟೆ" ಅಂದ್ರು. ಹತ್ತು ನಿಮಿಷದ ಆಟಕ್ಕೆ 47 ನಿಮಿಷ ಮೈಕು. ಎಲ್ಲೋ ಎಡವಟ್ಟಾಗಿದೆ ಅಂತ ಪರ್ಮಿಷನ್ ತೆಗೆದು ನೋಡಿದ್ರೆ Allow only while using the app ಅಂತಾನೇ ಇದೆ, ಅದೂ ಸರಿಯಾಗೇ ಇದೆ.

ಇಲ್ಲೇ ತುಂಬಾ ಜನ ಮೋಸ ಹೋಗೋದು. while using ಅಂದ್ರೆ ಆ್ಯಪ್ ಕಣ್ಣ ಮುಂದೆ ಇದ್ದಾಗ ಮಾತ್ರ ಅಂತ ನಾವು ಅಂದ್ಕೊಳ್ತೀವಿ. ಆಂಡ್ರಾಯ್ಡ್ ಲೆಕ್ಕ ಬೇರೆ. ಆ್ಯಪ್ ತೆರೆದಿದ್ದಾಗ್ಲೇ ಹಿಂದೆ ಓಡ್ತಾ ಇರೋ ಒಂದು ಸರ್ವೀಸ್ ಶುರು ಮಾಡ್ಕೊಂಡು, ನಾನು ಓಡ್ತಿದೀನಿ ಅಂತ ನೋಟಿಫಿಕೇಶನ್ ಹಾಕಿದ್ರೆ, ನೀವು ಹೋಮ್ ಬಟನ್ ಒತ್ತಿ ಹೊರಗೆ ಬಂದ್ರೂ ಅದು "ಬಳಕೆಯಲ್ಲೇ ಇದೆ" ಅಂತ ಲೆಕ್ಕ. ಇದು ಬೇಕು ಕೂಡ, ಇಲ್ದಿದ್ರೆ ವಾಟ್ಸಾಪ್ ಕಾಲಲ್ಲಿ ಮಾತಾಡ್ತಾ ಬೇರೆ ಆ್ಯಪ್ ತೆಗೆದ ತಕ್ಷಣ ನಿಮ್ಮ ಧ್ವನಿನೇ ಹೋಗಿರೋದು. ಆ ಲೂಡೋದಲ್ಲಿ ಆಡ್ತಾ ಮಾತಾಡೋಕೆ ವಾಯ್ಸ್ ಚಾಟ್ ಇದೆ, ದೊಡ್ಡಮ್ಮ ಗೊತ್ತಿಲ್ದೆ ಅದನ್ನ ಆನ್ ಮಾಡಿ ಹೊರಗೆ ಬಂದಿದಾರೆ, ಆ ಚಾಟ್ ರೂಮ್ ತೆರೆದೇ ಇತ್ತು. ಒಗ್ಗರಣೆ ಚಟಪಟ ಅನ್ನೋದನ್ನ ಯಾರ್ಯಾರು ಕೇಳಿಸ್ಕೊಂಡ್ರೋ! ನೋಟಿಫಿಕೇಶನ್ನೂ ಬಂದಿರುತ್ತೆ, ಆದ್ರೆ ಸಾಲಾಗಿ ಹದಿನೆಂಟು ಗುಡ್ ಮಾರ್ನಿಂಗ್ ಮೆಸೇಜ್ ಇರೋ ಕಡೆ ಅದನ್ನ ಯಾರು ನೋಡ್ತಾರೆ.

ನಾನು ಮಾಡಿದ್ದಿಷ್ಟು: ಆ ಲೂಡೋದ ಮೈಕ್ ಪರ್ಮಿಷನ್ Don't allow ಮಾಡ್ದೆ. ಆಟ ಆರಾಮಾಗಿ ನಡೀತಿದೆ, ಮಾತು ಮಾತ್ರ ಇಲ್ಲ. ಅಪರೂಪಕ್ಕೆ ಮೈಕ್ ಬೇಕಾಗೋ ಆ್ಯಪ್ ಆದ್ರೆ Ask every time ಇಟ್ಕೊಳ್ಳಿ.

ಇನ್ನೊಂದು ಗೊಂದಲ ಬರುತ್ತೆ. ಪಟ್ಟೀಲಿ ಕ್ರೋಮ್ ಅಂತ ಇದ್ರೆ, ಮೈಕ್ ಕೇಳಿದ್ದು ಕ್ರೋಮ್ ಅಲ್ಲ, ಅದರೊಳಗೆ ತೆಗೆದ ಯಾವ್ದೋ ವೆಬ್‌ಸೈಟ್ ಇರ್ಬೋದು, ಡ್ಯಾಶ್‌ಬೋರ್ಡ್‌ಗೆ ಅಷ್ಟು ಒಳಗಿಂದು ಗೊತ್ತಿರಲ್ಲ. ಅದಕ್ಕೆ ಕ್ರೋಮಿನ ಸೆಟ್ಟಿಂಗ್ಸಲ್ಲಿ Site settings, ಅದರಲ್ಲಿ Microphone ನೋಡಿ, ಯಾವ ಸೈಟ್‌ಗೆ ಅನುಮತಿ ಕೊಟ್ಟಿದೀರ ಅಂತ ಸಿಗುತ್ತೆ.

ಐಫೋನ್‌ನವ್ರೇ, ನಿಮ್ಗೂ ಇದೆ. ಕಂಟ್ರೋಲ್ ಸೆಂಟರ್ ಎಳೆದ್ರೆ ಮೇಲೆ ಆ್ಯಪ್ ಹೆಸರು ಇರುತ್ತೆ. ಆಗ್ಹೋಗಿದ್ದಕ್ಕೆ ಸೆಟ್ಟಿಂಗ್ಸಲ್ಲಿ Privacy & Security ಒಳಗೆ ಕೆಳಗಡೆ App Privacy Report, ಏಳು ದಿನದ್ದು. ಆದ್ರೆ ನೀವಾಗೇ ಆನ್ ಮಾಡ್ಬೇಕು, ಆನ್ ಮಾಡೋಕೆ ಮುಂಚಿಂದು ಸಿಗಲ್ಲ. ಈಗ್ಲೇ ಮಾಡಿಡಿ.

(ಕ್ಯಾಮೆರಾ ಎದುರು)

ಇದರಿಂದ ಗೊತ್ತಾಗದೇ ಇರೋದನ್ನೂ ಹೇಳ್ಬಿಡ್ತೀನಿ. ಮೈಕ್ ಯಾವಾಗ, ಎಷ್ಟು ಹೊತ್ತು ತೆಗೆದಿತ್ತು ಅಂತ ಅಷ್ಟೇ ಇಲ್ಲಿರೋದು. ರೆಕಾರ್ಡ್ ಮಾಡ್ತಾ, ಎಲ್ಲಿಗಾದ್ರೂ ಕಳಿಸ್ತಾ ಅನ್ನೋದು ಇರಲ್ಲ. ಫೋನ್ ರೂಟ್ ಆಗಿದ್ರೆ, ಅಂದ್ರೆ ಕಂಪನಿ ಹಾಕಿದ ಬೀಗ ಒಡೆದು ಸಿಸ್ಟಮ್ ಮೇಲೆ ಪೂರ್ತಿ ಹಿಡಿತ ತಗೊಂಡಿದ್ರೆ, ಇಲ್ಲಾ ಸಿಸ್ಟಮ್ಮೇ ಯಾರದ್ದೋ ಕೈಗೆ ಸಿಕ್ಕಿದ್ರೆ, ಚುಕ್ಕಿ ನಂಬೋಹಾಗಿಲ್ಲ.

ಆಮೇಲೆ ದೊಡ್ಡಮ್ಮ "ಎಲ್ಲಾ ಆಫ್ ಮಾಡ್ಬಿಡೋ" ಅಂದ್ರು ಅಂತ ಮೇಲಿಂದ ಎಳೆದ್ರೆ ಬರೋ ಕ್ವಿಕ್ ಸೆಟ್ಟಿಂಗ್ಸಲ್ಲಿರೋ Mic access ಬಟನ್ ತೋರಿಸಿದ್ದೆ, ಅದು ಒಂದೇ ಸಲ ಎಲ್ಲಾ ಆ್ಯಪ್‌ಗೂ ಮೈಕ್ ಕಟ್ ಮಾಡುತ್ತೆ. ಎರಡು ದಿನ ಬಿಟ್ಟು ಪಕ್ಕದ್ಮನೆ ಆಂಟಿ ಫೋನಿಂದ ಕಾಲ್. ದೊಡ್ಡಮ್ಮನೇ. "ಲೋ, ನಾನು ಮಾತಾಡಿದ್ದು ಯಾರಿಗೂ ಕೇಳಿಸ್ತಿಲ್ವಂತೆ, ಫೋನ್ ಕೆಟ್ಹೋಯ್ತು ಕಣೋ."

ಆ ಬಟನ್ ಆನ್ ಮಾಡಿ ದೊಡ್ಡಮ್ಮ.