ರಿಪೋರ್ಟ್ ಹೊಗಳುವ ಕಡೆಗೇ ದುಡ್ಡು ಸುರಿಯಬೇಡಿ

ಎಲ್ಲರಿಗೂ ನಮಸ್ಕಾರ. ಒಂದು ಚಿಕ್ಕ ಆನ್‌ಲೈನ್ ಅಂಗಡಿ, ಜಾಹೀರಾತಿಗೆ ತಿಂಗಳಿಗೆ 1000 ಅಂತಿಟ್ಟುಕೊಳ್ಳಿ. ಲೆಕ್ಕಕ್ಕೆ ಸುಲಭ ಅಂತ ಈ ಅಂಕಿ, ಅಷ್ಟೇ. ಅದು ಮೂರು ಕಡೆ ಹೋಗುತ್ತದೆ: ಅಂಗಡಿಯ ಹೆಸರನ್ನೇ ಹುಡುಕುವವರಿಗೆ ತೋರಿಸುವ ಬ್ರ್ಯಾಂಡ್ ಸರ್ಚ್, ಅಂಗಡಿಗೆ ಬಂದು ಕೊಳ್ಳದೆ ಹೋದವರಿಗೆ ಮತ್ತೆ ತೋರಿಸುವ ರಿಟಾರ್ಗೆಟಿಂಗ್, ಅಂಗಡಿ ಗೊತ್ತೇ ಇಲ್ಲದ ಹೊಸಬರಿಗೆ ತೋರಿಸುವ ಪ್ರಾಸ್ಪೆಕ್ಟಿಂಗ್. ತಿಂಗಳ ಕೊನೆಗೆ ರಿಪೋರ್ಟ್ ತೆಗೆದರೆ ಹಾಕಿದ ಒಂದಕ್ಕೆ ಬ್ರ್ಯಾಂಡ್ ಸರ್ಚ್ 12ರಷ್ಟು ಮಾರಾಟ ತಂದಿದೆ, ರಿಟಾರ್ಗೆಟಿಂಗ್ 8, ಪ್ರಾಸ್ಪೆಕ್ಟಿಂಗ್ ಬರೀ ಒಂದೂವರೆ. ಇದನ್ನು ನೋಡಿದ ಯಾರಿಗಾದರೂ ಪ್ರಾಸ್ಪೆಕ್ಟಿಂಗ್ ಕತ್ತರಿಸೋಣ ಅನ್ನಿಸುತ್ತದೆ, ಅಲ್ವಾ?

ನಾನೂ ಹಾಗೇ ಮಾಡಿದ್ದೆ. ಮೊದಲ ಎರಡು ವಾರ ರಿಪೋರ್ಟ್ ಚೆನ್ನಾಗಿಯೇ ಇತ್ತು. ಆಮೇಲೆ ಹೊಸ ಗ್ರಾಹಕರ ಆರ್ಡರ್ ಕಡಿಮೆಯಾಗುತ್ತಾ ಬಂತು, ರಿಟಾರ್ಗೆಟಿಂಗ್‌ನ ಫ್ರೀಕ್ವೆನ್ಸಿ, ಅಂದರೆ ಒಬ್ಬರಿಗೇ ಜಾಹೀರಾತು ಎಷ್ಟು ಸಲ ಕಾಣಿಸಿತು ಅನ್ನುವ ಲೆಕ್ಕ, ತಿಂಗಳಿಗೆ 25 ದಾಟಿತ್ತು. ಹೊಸಬರು ಬರುವುದು ನಿಂತಿತ್ತು, ಇದ್ದವರಿಗೇ ಮತ್ತೆ ಮತ್ತೆ ತೋರಿಸುತ್ತಿದ್ದೆ. ಅಂಗಡಿಗೆ ಬಂದು ಹೋದವರು, ಹೆಸರು ಗೊತ್ತಿದ್ದು ಹುಡುಕುವವರು, ಇವರಲ್ಲಿ ಎಷ್ಟೋ ಜನ ಜಾಹೀರಾತು ಇಲ್ಲದಿದ್ದರೂ ಕೊಳ್ಳುತ್ತಿದ್ದರು. ರಿಪೋರ್ಟ್ ಮಾತ್ರ ಆ ಮಾರಾಟವನ್ನೂ ಹೆಚ್ಚಾಗಿ ಕೊನೆಯಲ್ಲಿ ಕಂಡ ಜಾಹೀರಾತಿನ ಖಾತೆಗೇ ಬರೆಯುತ್ತದೆ.

ಅದಕ್ಕೇ ನಾನೀಗ ಶೇಕಡಾವಾರು ಹಂಚುವುದಿಲ್ಲ, ಜನರನ್ನು ಎಣಿಸುತ್ತೇನೆ. ಕಳೆದ 30 ದಿನದಲ್ಲಿ 5000 ಜನ ಬಂದಿದ್ದಾರೆ ಅನ್ನಿ. ಕೊಂಡವರನ್ನು ತೆಗೆದು, ಜಾಹೀರಾತು ತಲುಪದವರನ್ನೂ ಬಿಟ್ಟರೆ 4000 ಉಳಿಯುತ್ತಾರೆ. ತಲೆಗೆ 8 ಸಲ ತೋರಿಸಿದರೆ 32,000 ಸಲ ಆಯಿತು. ಸಾವಿರ ಸಲ ತೋರಿಸಲು 5 ಖರ್ಚಾದರೆ ಒಟ್ಟು 160. ರಿಟಾರ್ಗೆಟಿಂಗ್‌ಗೆ ಅಷ್ಟು ಸಾಕು, ಅದಕ್ಕಿಂತ ಜಾಸ್ತಿ ಕೊಟ್ಟರೆ ಅದೇ ಮುಖಗಳಿಗೆ ಸುಮ್ನೆ ಇನ್ನಷ್ಟು ಸಲ ಕಾಣಿಸುತ್ತದೆ. ಬ್ರ್ಯಾಂಡ್ ಸರ್ಚ್‌ಗೂ ಹೀಗೇ ಒಂದು ಮಿತಿ ಇದೆ. ನಿಮ್ಮ ಹೆಸರು ಹುಡುಕಿ ಜಾಹೀರಾತು ಒತ್ತುವವರು ತಿಂಗಳಿಗೆ 150 ಜನ, ಒಂದು ಕ್ಲಿಕ್‌ಗೆ 0.4 ಅಂದರೆ 60. ಉಳಿದ 780 ಪೂರ್ತಿ ಪ್ರಾಸ್ಪೆಕ್ಟಿಂಗ್‌ಗೆ. ಅದನ್ನೂ ಐದಾರು ಕ್ಯಾಂಪೇನ್‌ಗೆ ಚೂರು ಮಾಡಬೇಡಿ, ಒಂದೊಂದಕ್ಕೂ ವಾರಕ್ಕೆ ಎರಡೋ ಮೂರೋ ಆರ್ಡರ್ ಬಂದರೆ ಯಾವುದು ಕೆಲಸ ಮಾಡುತ್ತಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ಇಲ್ಲಿ ತುಂಬಾ ಜನ ಮರೆಯುವ ಒಂದು ಸೆಟ್ಟಿಂಗ್ ಇದೆ. ಪ್ರಾಸ್ಪೆಕ್ಟಿಂಗ್ ಕ್ಯಾಂಪೇನ್‌ನಿಂದ ಹಳೇ ಗ್ರಾಹಕರನ್ನೂ ಈಚೆಗೆ ಬಂದು ಹೋದವರನ್ನೂ ಹೊರಗಿಡಬೇಕು. ಇಲ್ಲದಿದ್ದರೆ ಸುಲಭವಾಗಿ ಕೊಳ್ಳುವವರು ಅವರೇ ಅಂತ ಸಿಸ್ಟಮ್ ಅವರ ಹಿಂದೆಯೇ ಹೋಗುತ್ತದೆ, ಹೆಸರು ಪ್ರಾಸ್ಪೆಕ್ಟಿಂಗ್ ಆದರೂ ನಡೆಯುವುದು ರಿಟಾರ್ಗೆಟಿಂಗೇ.

ಹಂಚಿಕೆ ಸರಿಯಿದೆಯಾ ಅಂತ ನೋಡಲು ಅಂಗಡಿಯ ಆರ್ಡರ್ ಪಟ್ಟಿ ತೆಗೆಯಿರಿ. ಒಟ್ಟು ಖರ್ಚನ್ನು ಮೊದಲ ಸಲ ಕೊಂಡವರ ಸಂಖ್ಯೆಯಿಂದ ಭಾಗಿಸಿ. 1000ಕ್ಕೆ 50 ಹೊಸಬರು ಸಿಕ್ಕರೆ ತಲೆಗೆ 20. ಪ್ರತಿ ತಿಂಗಳೂ ಈ ಅಂಕಿಯನ್ನೇ ಹೋಲಿಸಿ.

ಬ್ರ್ಯಾಂಡ್ ಸರ್ಚ್ ಬೇಕೇ ಬೇಕಾ ಅನ್ನುವ ಅನುಮಾನ ಇದ್ದರೆ, ಸೇಲ್ ಇಲ್ಲದ ಎರಡು ವಾರ ಅದನ್ನು ನಿಲ್ಲಿಸಿ ಒಟ್ಟು ಆರ್ಡರ್ ನೋಡಿ. ಅಷ್ಟೇ ಇದ್ದರೆ ಆ 60ನ್ನೂ ಹೊಸಬರ ಕಡೆ ತಿರುಗಿಸಿ. ಆದರೆ ನಿಲ್ಲಿಸುವ ಮೊದಲು ನಿಮ್ಮ ಹೆಸರನ್ನು ನೀವೇ ಹುಡುಕಿ ನೋಡಿ. ಬೇರೆ ಅಂಗಡಿಯವರು ಅಲ್ಲಿ ಜಾಹೀರಾತು ಹಾಕಿ ಕೂತಿದ್ದರೆ ನಿಲ್ಲಿಸಬೇಡಿ, ನಿಮ್ಮನ್ನು ಹುಡುಕಿಕೊಂಡು ಬಂದವರು ಅವರ ಬಾಗಿಲಿಗೆ ಹೋಗುತ್ತಾರೆ.